ಮೂವತ್ತು ದಿನದ ಎಣಿಕೆ ಯಾವಾಗಿನಿಂದ?

ಕೆಲಸ ಮುಗಿಸಿ ಕೊಟ್ಟಾಗಿದೆ. ಇನ್‌ವಾಯ್ಸ್ ಕಳಿಸಲೇ ಎಂದು ಕೇಳಿದರೆ ಕಂಪನಿಯ ಫೈನಾನ್ಸ್ ವಿಭಾಗದಿಂದ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: 'ಈಗಲೇ ಬೇಡ, ಪಿಒ ನಂಬರ್ ಬಂದ ಮೇಲೆ ಕಳಿಸಿ.' ಪಿಒ ಅಂದರೆ ಪರ್ಚೇಸ್ ಆರ್ಡರ್, ಕಂಪನಿ ತನ್ನ ಒಳಗಿನ ಮಂಜೂರಾತಿಗೆ ಕೊಡುವ ಒಂದು ಸಂಖ್ಯೆ. ಅದು ಬರಲು ಒಮ್ಮೆ ವಾರ ಹಿಡಿಯುತ್ತದೆ, ಒಮ್ಮೆ ಮೂರು ತಿಂಗಳು. ಅಷ್ಟು ದಿನ ಇನ್‌ವಾಯ್ಸ್ ನಮ್ಮ ಲ್ಯಾಪ್‌ಟಾಪಿನಲ್ಲೇ ಇರುತ್ತದೆ. ಹಣ ತಡವಾಯಿತು ಎಂಬ ಬೇಸರ ಎಲ್ಲರಿಗೂ ಇದೆ. ಆದರೆ ಅದೇ ಅವಧಿಯಲ್ಲಿ ಜಿಎಸ್‌ಟಿ ಕಾನೂನಿನ ಒಂದು ಗಡುವು ದಾಟಿಹೋಗಿರುತ್ತದೆ, ಅದರ ಬಡ್ಡಿ ಕ್ಲೈಂಟ್‌ ಮೇಲಲ್ಲ, ನಮ್ಮ ಮೇಲೆ ಬೀಳುತ್ತದೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ.

ಪುಣೆ, ಹೈದರಾಬಾದ್, ಚೆನ್ನೈಗಳಲ್ಲಿ ಕಂಪನಿಯ ಕೆಲಸ ಬಿಟ್ಟು ಸ್ವಂತವಾಗಿ ಸಾಫ್ಟ್‌ವೇರ್, ಡಿಸೈನ್, ತರಬೇತಿ, ಸಲಹೆಯ ಕೆಲಸ ಹಿಡಿದ ಕನ್ನಡಿಗರು ನನ್ನ ಪರಿಚಯದಲ್ಲೇ ಹತ್ತಾರು ಮಂದಿ ಇದ್ದಾರೆ. ಅವರ ಕ್ಲೈಂಟ್‌ಗಳಲ್ಲಿ ಅರ್ಧದಷ್ಟು ಬೆಂಗಳೂರಿನ ಕಂಪನಿಗಳು. ಈ ಮಾತು ಮುಖ್ಯವಾಗಿ ಅವರಿಗೆ. ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟದೆ, ಜಿಎಸ್‌ಟಿ ನೋಂದಣಿ ಇಲ್ಲದೆ ಸೇವೆ ಕೊಡುತ್ತಿರುವವರಿಗೆ ಈ ಗಡುವಿನ ಕಾಟವಿಲ್ಲ. ನೋಂದಣಿ ಮಾಡಿಸಿದ ದಿನದಿಂದ ಇದು ಅನ್ವಯ.

ಕಾನೂನು ಹೇಳುವುದು ಸರಳವಾಗಿಯೇ ಇದೆ. ಕೇಂದ್ರ ಜಿಎಸ್‌ಟಿ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಸೇವೆ ಕೊಡುವ ಮೊದಲೇ ಆಗಲಿ, ಕೊಟ್ಟ ಮೇಲೇ ಆಗಲಿ ಇನ್‌ವಾಯ್ಸ್ ಕೊಡಬಹುದು. ಆದರೆ ಅದಕ್ಕೊಂದು ಕೊನೆಯ ದಿನ ಇದೆ. ಆ ದಿನವನ್ನು ಹೇಳುವುದು ಜಿಎಸ್‌ಟಿ ನಿಯಮಗಳ 47ನೇ ನಿಯಮ: ಸೇವೆ ಕೊಟ್ಟ ದಿನದಿಂದ 30 ದಿನದೊಳಗೆ. ಬ್ಯಾಂಕು, ವಿಮಾ ಕಂಪನಿ, ಬ್ಯಾಂಕೇತರ ಹಣಕಾಸು ಸಂಸ್ಥೆಗಳಿಗೆ ಮಾತ್ರ 45 ದಿನ. ಗಮನಿಸಿ, ಇಲ್ಲಿ ಕ್ಲೈಂಟ್ ಒಪ್ಪಿದ ದಿನ ಎಂದಿಲ್ಲ, ಪಿಒ ಬಂದ ದಿನ ಎಂದಿಲ್ಲ, ಹಣ ಬಂದ ದಿನ ಎಂದೂ ಇಲ್ಲ. ಸೇವೆ ಕೊಟ್ಟ ದಿನ, ಅಷ್ಟೇ.

ಇನ್‌ವಾಯ್ಸ್‌ನಲ್ಲಿ ಏನೇನು ಇರಲೇಬೇಕು ಎಂದು ಪಟ್ಟಿ ಮಾಡುವುದು 46ನೇ ನಿಯಮ. ಕೊಡುವವರ ಮತ್ತು ಪಡೆಯುವವರ ಹೆಸರು, ವಿಳಾಸ, ಜಿಎಸ್‌ಟಿ ಸಂಖ್ಯೆ, ಇನ್‌ವಾಯ್ಸ್‌ನ ಅನುಕ್ರಮ ಸಂಖ್ಯೆ, ಕೊಟ್ಟ ದಿನಾಂಕ, ಸೇವೆಯ ವಿವರ, ಮೊತ್ತ, ತೆರಿಗೆಯ ದರ, ಹೀಗೆ ಸಾಗುತ್ತದೆ. ಆ ಪಟ್ಟಿಯಲ್ಲಿ ಪಿಒ ನಂಬರ್ ಇಲ್ಲ. ಅಂದರೆ ಕಾನೂನಿನ ದೃಷ್ಟಿಯಲ್ಲಿ ಪಿಒ ಇಲ್ಲದ ಇನ್‌ವಾಯ್ಸ್ ಪೂರ್ತಿ ಸರಿಯಾದ ಇನ್‌ವಾಯ್ಸೇ. ಪಿಒ ಬೇಕಿರುವುದು ಕಂಪನಿಯ ಒಳಗಿನ ಶಿಸ್ತಿಗೆ. ಆ ಶಿಸ್ತು ಅವರಿಗೆ ಬೇಕು ಸರಿ, ಆದರೆ ಅದರ ಬೆಲೆ ನಾವೇಕೆ ತೆರಬೇಕು?

ಅದೇ ಪಟ್ಟಿಯಲ್ಲಿ ಇನ್ನೊಂದೂ ಇಲ್ಲ. ಸೇವೆ ಮುಗಿದ ದಿನಾಂಕ. ನನ್ನ ತಂಡ ಬಿಲ್ಲಿಂಗ್ ಸಾಫ್ಟ್‌ವೇರ್ ಬರೆಯುತ್ತದೆ, ಹಾಗಾಗಿ ಈ ಕೊರತೆ ಕೆಲಸದ ನಡುವೆಯೇ ಕಣ್ಣಿಗೆ ಬಿತ್ತು. ಇಂಥ ಸಾಫ್ಟ್‌ವೇರುಗಳ ಡೇಟಾಬೇಸಿನಲ್ಲಿ ಇನ್‌ವಾಯ್ಸ್ ದಿನಾಂಕ ಇರುತ್ತದೆ, ಹಣ ಕೊಡಬೇಕಾದ ದಿನಾಂಕ ಇರುತ್ತದೆ, ಹಣ ಬಂದ ದಿನಾಂಕ ಇರುತ್ತದೆ. ಯಾವ ದಿನಾಂಕದಿಂದ ಮೂವತ್ತು ದಿನ ಎಣಿಸಬೇಕೋ ಆ ದಿನಾಂಕಕ್ಕೆ ಮಾತ್ರ ಜಾಗವೇ ಇರುವುದಿಲ್ಲ. ಕಾನೂನು ಇನ್‌ವಾಯ್ಸ್ ಮೇಲೆ ಅದನ್ನು ಕೇಳುವುದಿಲ್ಲ, ಆದ್ದರಿಂದ ಸಾಫ್ಟ್‌ವೇರೂ ಕೇಳುವುದಿಲ್ಲ, ಆದ್ದರಿಂದ ನಾವೂ ಬರೆದಿಡುವುದಿಲ್ಲ. ಗಡುವು ದಾಟಿದರೂ ಪರದೆಯ ಮೇಲೆ ಎಲ್ಲಿಯೂ ಕೆಂಪು ಗುರುತು ಮೂಡದಿರುವುದು ಇದೇ ಕಾರಣಕ್ಕೆ.

ಗಡುವು ದಾಟಿದರೆ ಆಗುವುದೇನು? ಮೊದಲ ಪರಿಣಾಮ ದಂಡವಲ್ಲ. ತೆರಿಗೆ ಕಟ್ಟಬೇಕಾದ ತಿಂಗಳೇ ಹಿಂದಕ್ಕೆ ಸರಿಯುತ್ತದೆ. 13ನೇ ಸೆಕ್ಷನ್ ಪ್ರಕಾರ, ಗಡುವಿನೊಳಗೆ ಇನ್‌ವಾಯ್ಸ್ ಕೊಟ್ಟಿದ್ದರೆ ಇನ್‌ವಾಯ್ಸ್ ದಿನಾಂಕ ಅಥವಾ ಹಣ ಬಂದ ದಿನಾಂಕ, ಯಾವುದು ಮೊದಲೋ ಆ ದಿನ ತೆರಿಗೆಯ ಹೊಣೆ ಹುಟ್ಟುತ್ತದೆ. ಗಡುವಿನೊಳಗೆ ಕೊಡದಿದ್ದರೆ ಇನ್‌ವಾಯ್ಸ್ ದಿನಾಂಕಕ್ಕೆ ಬೆಲೆಯೇ ಇಲ್ಲ. ಸೇವೆ ಮುಗಿದ ದಿನ ಅಥವಾ ಹಣ ಬಂದ ದಿನ, ಯಾವುದು ಮೊದಲೋ ಅದೇ ಲೆಕ್ಕ. ಅಂದರೆ ಕಾನೂನು ಕೊಡುವ ಮೂವತ್ತು ದಿನ ಒಂದು ಬಗೆಯ ರಿಯಾಯಿತಿ. ಅದನ್ನು ಬಳಸಿಕೊಂಡರೆ ತೆರಿಗೆ ಮುಂದಿನ ತಿಂಗಳಿಗೆ ಹೋಗಬಹುದು. ಬಳಸಿಕೊಳ್ಳದಿದ್ದರೆ ಆ ರಿಯಾಯಿತಿ ಪೂರ್ತಿ ವಾಪಸ್.

ಒಂದು ಲೆಕ್ಕ ಮಾಡಿ ನೋಡೋಣ. ಧಾರವಾಡದ ಕಡೆಯ ಒಬ್ಬರು ಪುಣೆಯಲ್ಲಿ ಸ್ವಂತವಾಗಿ ಕೆಲಸ ಮಾಡುತ್ತಾರೆ ಎಂದಿಟ್ಟುಕೊಳ್ಳಿ. ಬೆಂಗಳೂರಿನ ಕಂಪನಿಯೊಂದಕ್ಕೆ ಹಳೆಯ ಡೇಟಾಬೇಸನ್ನು ಹೊಸದಕ್ಕೆ ಸಾಗಿಸುವ ಆರು ವಾರದ ಕೆಲಸ. ಒಪ್ಪಿದ ಮೊತ್ತ 5 ಲಕ್ಷ ರೂಪಾಯಿ, ಮೇಲೆ ಶೇ 18ರ ಐಜಿಎಸ್‌ಟಿ 90,000 ರೂಪಾಯಿ. ಮುಂಗಡ ಇಲ್ಲ, ಎಲ್ಲ ಹಣ ಕೊನೆಗೆ. 2025ರ ಮಾರ್ಚ್ 20ರಂದು ಕಂಪನಿಯ ಮ್ಯಾನೇಜರ್ ಪರೀಕ್ಷೆ ಮುಗಿಸಿ, 'ಎಲ್ಲ ಸರಿಯಿದೆ, ಕೆಲಸ ಪೂರ್ಣ' ಎಂದು ಮೇಲ್ ಕಳಿಸುತ್ತಾರೆ. ಅಲ್ಲಿಂದ ಮೂವತ್ತು ದಿನ ಎಂದರೆ ಏಪ್ರಿಲ್ 19. ಇವರು ಪ್ರತಿ ತಿಂಗಳು ರಿಟರ್ನ್ ಸಲ್ಲಿಸುವವರು.

ಇವರು ಏಪ್ರಿಲ್ 15ಕ್ಕೆ ಇನ್‌ವಾಯ್ಸ್ ಕೊಟ್ಟಿದ್ದರೆ ಹೊಣೆ ಹುಟ್ಟುವುದು ಏಪ್ರಿಲ್‌ನಲ್ಲಿ. ಏಪ್ರಿಲ್‌ನ ಜಿಎಸ್‌ಟಿಆರ್-3ಬಿ ಜೊತೆ ಮೇ 20ರೊಳಗೆ 90,000 ಕಟ್ಟಿದರೆ ಮುಗಿಯಿತು. ಬಡ್ಡಿ ಇಲ್ಲ.

ಆದರೆ ಕಂಪನಿಯವರು ಹೊಸ ಹಣಕಾಸು ವರ್ಷದ ಬಜೆಟ್ ಮಂಜೂರಾಗಲಿ ಎನ್ನುತ್ತಾರೆ. ಪಿಒ ಬರುವುದು ಜುಲೈ 8ಕ್ಕೆ. ಇವರು ಜುಲೈ 10ರಂದು ಇನ್‌ವಾಯ್ಸ್ ಕಳಿಸಿ, ಜುಲೈ ತಿಂಗಳ ರಿಟರ್ನ್‌ನಲ್ಲಿ ತೋರಿಸಿ, ಆಗಸ್ಟ್ 20ರಂದು ತೆರಿಗೆ ಕಟ್ಟುತ್ತಾರೆ. ಜುಲೈನ ಇನ್‌ವಾಯ್ಸ್, ಜುಲೈನ ರಿಟರ್ನ್, ಕೊನೆಯ ದಿನದೊಳಗೇ ತೆರಿಗೆ. ಮೇಲ್ನೋಟಕ್ಕೆ ಎಲ್ಲ ನೇರವಾಗಿಯೇ ಇದೆ. ಕಾನೂನಿನ ಲೆಕ್ಕದಲ್ಲಿ ಮಾತ್ರ ಹೊಣೆ ಹುಟ್ಟಿದ್ದು ಮಾರ್ಚ್ 20ಕ್ಕೆ, ತೆರಿಗೆ ಕಟ್ಟಬೇಕಿದ್ದದ್ದು ಏಪ್ರಿಲ್ 20ಕ್ಕೆ. ಏಪ್ರಿಲ್ 21ರಿಂದ ಆಗಸ್ಟ್ 20ರವರೆಗೆ 122 ದಿನ ತಡ. 50ನೇ ಸೆಕ್ಷನ್ ಪ್ರಕಾರ ವರ್ಷಕ್ಕೆ ಶೇ 18ರ ಬಡ್ಡಿ: 90,000 × 18% × 122 ÷ 365. ಸುಮಾರು 5,415 ರೂಪಾಯಿ.

ಇದರಲ್ಲೊಂದು ಒಳಸುಳಿ ಇದೆ. ರಿಟರ್ನ್ ತಡವಾಗಿ ಸಲ್ಲಿಸಿದರೆ ಬಡ್ಡಿ ಬೀಳುವುದು ನಗದಿನಲ್ಲಿ ಕಟ್ಟುವ ಭಾಗಕ್ಕೆ ಮಾತ್ರ, ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್‌ನಿಂದ ಹೊಂದಿಸುವ ಭಾಗಕ್ಕಿಲ್ಲ ಎಂದು ಅನೇಕರು ಕೇಳಿರುತ್ತಾರೆ. ಅದು ನಿಜ. ಆದರೆ ಆ ವಿನಾಯಿತಿ ಇರುವುದು ಆಯಾ ತಿಂಗಳ ಸೇವೆಯನ್ನು ಅದೇ ತಿಂಗಳ ರಿಟರ್ನ್‌ನಲ್ಲಿ ತೋರಿಸಿ, ಆ ರಿಟರ್ನನ್ನು ತಡವಾಗಿ ಸಲ್ಲಿಸಿದಾಗ. ಇಲ್ಲಿ ಮಾರ್ಚ್‌ನ ಸೇವೆ ಜುಲೈನ ರಿಟರ್ನ್‌ನಲ್ಲಿ ಕಾಣಿಸಿದೆ. ಹಾಗಾಗಿ 88ಬಿ ನಿಯಮದ ಪ್ರಕಾರ ಬಡ್ಡಿಯನ್ನು ಬಾಕಿ ಉಳಿದ ಪೂರ್ತಿ ತೆರಿಗೆಯ ಮೇಲೆ ಲೆಕ್ಕ ಹಾಕಬೇಕಾಗುತ್ತದೆ.

ಐದೂವರೆ ಸಾವಿರ ದೊಡ್ಡ ಮೊತ್ತವೇನಲ್ಲ ಎನ್ನಬಹುದು. ವರ್ಷಕ್ಕೆ ಇಂಥ ನಾಲ್ಕೈದು ಕೆಲಸ ಮಾಡುವವರಿಗೆ ಅದು ಒಂದು ತಿಂಗಳ ಮನೆ ಬಾಡಿಗೆ. ಅದಕ್ಕಿಂತ ಹೆಚ್ಚಿನ ಚಿಂತೆ ದಂಡದ್ದು. ಬೇರೆ ದಂಡ ಹೇಳಿಲ್ಲದ ತಪ್ಪುಗಳಿಗೆ 125ನೇ ಸೆಕ್ಷನ್‌ನಲ್ಲಿ 25,000 ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ. ಇನ್‌ವಾಯ್ಸೇ ಕೊಡದೆ ಸೇವೆ ಕೊಟ್ಟರೆ 122ನೇ ಸೆಕ್ಷನ್ ಅನ್ವಯವಾಗುತ್ತದೆ. ಅಲ್ಲಿ 10,000 ರೂಪಾಯಿ ಅಥವಾ ತಪ್ಪಿಸಿದ ತೆರಿಗೆಯಷ್ಟು, ಯಾವುದು ಹೆಚ್ಚೋ ಅದು. ತಡವಾಗಿಯಾದರೂ ತಾವಾಗಿ ಇನ್‌ವಾಯ್ಸ್ ಕೊಟ್ಟು, ನೋಟಿಸ್ ಬರುವ ಮೊದಲೇ ತೆರಿಗೆ ಮತ್ತು ಬಡ್ಡಿ ಕಟ್ಟಿದವರ ಸ್ಥಿತಿ ಬೇರೆ, ಅಧಿಕಾರಿ ಕಂಡುಹಿಡಿದ ಮೇಲೆ ಕಟ್ಟುವವರ ಸ್ಥಿತಿ ಬೇರೆ. ತಪ್ಪು ಪತ್ತೆಯಾಗುವ ಮೊದಲೇ ತಾವಾಗಿ ಹೇಳಿಕೊಂಡರೆ ದಂಡ ನಿರ್ಧರಿಸುವಾಗ ಅದನ್ನು ಪರಿಗಣಿಸಬಹುದು ಎಂದು ಕಾಯ್ದೆಯ 126ನೇ ಸೆಕ್ಷನ್ ಹೇಳುತ್ತದೆ. ಆದ್ದರಿಂದ ಗಡುವು ದಾಟಿಹೋಗಿದೆ ಎಂದು ಗೊತ್ತಾದ ಕೂಡಲೇ ಮಾಡಬೇಕಾದದ್ದು ಎರಡು: ಇಂದಿನ ದಿನಾಂಕದಲ್ಲೇ ಇನ್‌ವಾಯ್ಸ್ ಕೊಡುವುದು, ಜಿಎಸ್‌ಟಿಆರ್-3ಬಿಯ 5.1ನೇ ಕೋಷ್ಟಕದಲ್ಲಿ ಬಡ್ಡಿಯನ್ನು ನಾವೇ ಲೆಕ್ಕ ಹಾಕಿ ತುಂಬುವುದು. ಯಾರೋ ಕೇಳಲಿ ಎಂದು ಕಾಯುವಂತಿಲ್ಲ. ಬಡ್ಡಿಯನ್ನು ತಾವಾಗಿ ಕಟ್ಟಬೇಕು ಎಂದೇ 50ನೇ ಸೆಕ್ಷನ್‌ನಲ್ಲಿದೆ.

ಹಳೆಯ ದಿನಾಂಕ ಹಾಕಿ ಇನ್‌ವಾಯ್ಸ್ ಮಾಡಿದರಾಯಿತು ಎಂಬ ಸಲಹೆ ಕೊಡುವವರೂ ಇದ್ದಾರೆ. ಇನ್‌ವಾಯ್ಸ್ ಸಂಖ್ಯೆ ಒಂದರ ನಂತರ ಒಂದು ಬರಬೇಕು. ಏಪ್ರಿಲ್‌ನಲ್ಲಿ 7, ಮೇನಲ್ಲಿ 8, ಜೂನ್‌ನಲ್ಲಿ 9 ಕೊಟ್ಟಾದ ಮೇಲೆ ಏಪ್ರಿಲ್ 15ರ ದಿನಾಂಕದಲ್ಲಿ 10 ಬಂದರೆ ಓದಿದವರಿಗೆಲ್ಲ ವಿಷಯ ತಿಳಿಯುತ್ತದೆ. ಬಡ್ಡಿಯಲ್ಲಿ ಮುಗಿಯುತ್ತಿದ್ದ ವಿಳಂಬ ಆಗ ಸುಳ್ಳು ದಾಖಲೆಯಾಗುತ್ತದೆ.

ಸೇವೆ ಮುಗಿದ ದಿನಾಂಕ ಇನ್‌ವಾಯ್ಸ್‌ನಲ್ಲಿ ಇಲ್ಲವಲ್ಲ, ಅಧಿಕಾರಿಗೆ ಗೊತ್ತಾಗುವುದು ಹೇಗೆ ಎಂದು ಕೇಳಬಹುದು. ಆ ದಿನಾಂಕ ಇನ್‌ವಾಯ್ಸ್ ಬಿಟ್ಟು ಉಳಿದೆಲ್ಲ ಕಡೆ ಇರುತ್ತದೆ. ಒಪ್ಪಂದದಲ್ಲಿ ಇರುತ್ತದೆ, 'ಕೆಲಸ ಪೂರ್ಣ' ಎಂಬ ಮೇಲ್‌ನಲ್ಲಿ ಇರುತ್ತದೆ. ಕಂಪನಿ ಮಾರ್ಚ್ 31ಕ್ಕೆ ಲೆಕ್ಕ ಮುಗಿಸುವಾಗ ನಮ್ಮ 5 ಲಕ್ಷವನ್ನು ಆ ವರ್ಷದ ಖರ್ಚೆಂದು ಬರೆದುಕೊಂಡು ಟಿಡಿಎಸ್ ಹಿಡಿದಿದ್ದರೆ, ಅದು 2024-25ರ ನಮ್ಮ 26ಎಎಸ್‌ನಲ್ಲಿ ಬಂದು ಕೂತಿರುತ್ತದೆ. ಆದಾಯ 2024-25ರಲ್ಲಿ, ಇನ್‌ವಾಯ್ಸ್ 2025-26ರಲ್ಲಿ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದವರಿಗೆ ಪ್ರಶ್ನೆ ಹುಟ್ಟುವುದು ಸಹಜ. ವರ್ಷದ ಕೊನೆಯಲ್ಲಿ ಮುಗಿದ ಕೆಲಸಗಳ ಬಗ್ಗೆ ವಿಶೇಷ ಎಚ್ಚರ ಬೇಕಾಗಿರುವುದು ಇದಕ್ಕೇ.

ಈಗ ನಿಜವಾದ ಕಷ್ಟದ ಪ್ರಶ್ನೆಗೆ ಬರೋಣ. ಸಾಫ್ಟ್‌ವೇರ್ ಕೆಲಸ 'ಮುಗಿಯಿತು' ಎನ್ನುವುದು ಯಾವಾಗ? ಕೋಡ್ ಕೊಟ್ಟ ದಿನವೇ? ಕ್ಲೈಂಟ್ ಪರೀಕ್ಷೆ ಮುಗಿಸಿದ ದಿನವೇ? ಕಟಿಂಗ್ ಅಂಗಡಿಯಲ್ಲಿ ಈ ಪ್ರಶ್ನೆ ಇಲ್ಲ, ಕನ್ನಡಿ ನೋಡಿಕೊಂಡರೆ ಗೊತ್ತಾಗುತ್ತದೆ. ನಮ್ಮ ಕೆಲಸದಲ್ಲಿ ಕೊಟ್ಟ ಮೇಲೂ ಎರಡು ವಾರ ದೋಷ ತಿದ್ದುವುದು ಇದ್ದದ್ದೇ.

ಸೇವಾ ತೆರಿಗೆ ಇದ್ದ ಕಾಲದಲ್ಲೇ ಈ ಪ್ರಶ್ನೆ ಎದ್ದಿತ್ತು. ಆಗ ಗಡುವು ಇನ್ನೂ ಬಿಗಿ, ಬರೀ 14 ದಿನ. 2011ರ ಜುಲೈ 18ರಂದು ಕೇಂದ್ರ ಅಬಕಾರಿ ಮತ್ತು ಸೀಮಾಸುಂಕ ಮಂಡಳಿ 144ನೇ ಸಂಖ್ಯೆಯ ಸುತ್ತೋಲೆಯಲ್ಲಿ ಉತ್ತರ ಕೊಟ್ಟಿತು. ಅದರ ಸಾರ ಇಷ್ಟು: ಕೈಯಾರೆ ಮಾಡುವ ಕೆಲಸ ಮುಗಿದರೆ ಸಾಲದು, ಇನ್‌ವಾಯ್ಸ್ ಮಾಡಲು ಅಗತ್ಯವಾದ ಅಳತೆ, ಗುಣಮಟ್ಟದ ಪರೀಕ್ಷೆ ಮುಂತಾದ ಜೊತೆಯ ಕೆಲಸಗಳೂ ಮುಗಿದಾಗ ಸೇವೆ ಮುಗಿದಂತೆ. ಆದರೆ ಇನ್‌ವಾಯ್ಸ್ ತಡ ಮಾಡಲು ಕೊಡುವ ಜೊಳ್ಳು ಕಾರಣಗಳನ್ನು ಇದರಲ್ಲಿ ಸೇರಿಸುವಂತಿಲ್ಲ. ಇದು ಹಳೆಯ ಕಾನೂನಿನ ಸುತ್ತೋಲೆ, ಜಿಎಸ್‌ಟಿ ಅಧಿಕಾರಿ ಅದಕ್ಕೆ ಬದ್ಧರೇನಲ್ಲ. ಆದರೂ ಅದರಲ್ಲಿರುವ ತರ್ಕ ಇಂದಿಗೂ ನನಗೆ ಸರಿಯಾಗಿ ಕಾಣುತ್ತದೆ.

ಅದನ್ನೇ ಅಳತೆಗೋಲಾಗಿ ಹಿಡಿದರೆ ನಮ್ಮ ಉದಾಹರಣೆ ಸ್ಪಷ್ಟವಾಗುತ್ತದೆ. ಕ್ಲೈಂಟ್ ನಡೆಸುವ ಪರೀಕ್ಷೆ ಕೆಲಸದ ಭಾಗ. ಅದಕ್ಕಾಗಿ ಕಾಯುವುದು ನ್ಯಾಯ, ಏಕೆಂದರೆ ಎಷ್ಟು ಕೆಲಸ ಒಪ್ಪಿಗೆಯಾಯಿತು ಎಂದು ಗೊತ್ತಾಗುವುದೇ ಅಲ್ಲಿ. ಪಿಒ ನಂಬರ್ ಕೆಲಸದ ಭಾಗವಲ್ಲ. ಅದು ಬರಲಿ ಬಿಡಲಿ, ಡೇಟಾಬೇಸ್ ಮಾರ್ಚ್ 20ಕ್ಕೆ ಸಾಗಿಸಿ ಆಗಿತ್ತು. 'ಪಿಒ ಬರಲಾರದ ಬಿಲ್ಲ ಹೆಂಗ ಕಳಸೂದ್ರೀ, ಅವ್ರ ಪೋರ್ಟಲ್ಲಿನ್ಯಾಗ ತಗೊಳ್ಳೂದೇ ಇಲ್ಲಲ್ಲ' ಎಂದು ಹುಬ್ಬಳ್ಳಿಯ ಗೆಳೆಯರೊಬ್ಬರು ಕೇಳಿದ್ದರು. ಪೋರ್ಟಲ್ ತೆಗೆದುಕೊಳ್ಳುವುದು ಬೇರೆ, ಇನ್‌ವಾಯ್ಸ್ ಕೊಡುವುದು ಬೇರೆ. ನಮ್ಮ ಅನುಕ್ರಮ ಸಂಖ್ಯೆಯಲ್ಲಿ, ನಮ್ಮ ದಿನಾಂಕದಲ್ಲಿ ಇನ್‌ವಾಯ್ಸ್ ಮಾಡಿ ಕ್ಲೈಂಟ್‌ಗೆ ಮೇಲ್ ಮಾಡಿ, ಜಿಎಸ್‌ಟಿಆರ್-1ರಲ್ಲಿ ತೋರಿಸಿದರೆ ಕಾನೂನಿನ ಕೆಲಸ ಮುಗಿಯಿತು. ಪಿಒ ಬಂದ ಮೇಲೆ ಅದೇ ಇನ್‌ವಾಯ್ಸನ್ನು ಪೋರ್ಟಲ್‌ಗೆ ಹಾಕಬಹುದು.

ಆಮೇಲೆ ಅವರು ಮೊತ್ತ ಕಡಿತ ಮಾಡಿದರೆ? ಅದಕ್ಕೆ 34ನೇ ಸೆಕ್ಷನ್‌ನಲ್ಲಿ ಕ್ರೆಡಿಟ್ ನೋಟ್ ಇದೆ. ಐದು ಲಕ್ಷವನ್ನು ನಾಲ್ಕೂವರೆಗೆ ಇಳಿಸಿದರೆ ಐವತ್ತು ಸಾವಿರಕ್ಕೆ ಕ್ರೆಡಿಟ್ ನೋಟ್ ಕೊಟ್ಟು, ಅದರ ತೆರಿಗೆಯನ್ನು ನಮ್ಮ ಹೊಣೆಯಿಂದ ಕಳೆದುಕೊಳ್ಳಬಹುದು. ಅವರು ಕ್ರೆಡಿಟ್ ಪಡೆದಿದ್ದರೆ ಅಷ್ಟನ್ನು ಹಿಂದಿರುಗಿಸಬೇಕು. ತಿದ್ದಲು ದಾರಿ ಇರುವಾಗ ಮೊತ್ತ ಪಕ್ಕಾ ಆಗಲಿ ಎಂದು ಗಡುವು ದಾಟಿಸುವ ಅಗತ್ಯವಿಲ್ಲ.

ಇಲ್ಲಿಯವರೆಗಿನ ಮಾತು ಒಂದೇ ಸಲ ಮುಗಿಯುವ ಕೆಲಸದ್ದು. ಮೂರು ತಿಂಗಳಿಗಿಂತ ಹೆಚ್ಚು ಕಾಲ ನಡೆಯುವ, ಕಂತುಕಂತಾಗಿ ಹಣ ಬರುವ ಒಪ್ಪಂದವಿದ್ದರೆ ಅದನ್ನು ಕಾನೂನು 'ನಿರಂತರ ಸೇವೆ' ಎನ್ನುತ್ತದೆ. ಅದರ ಗಡುವು ಬೇರೆ, ಅಲ್ಲಿ ಮೂವತ್ತು ದಿನದ ರಿಯಾಯಿತಿ ಇಲ್ಲ. ಪ್ರತಿ ತಿಂಗಳ 7ಕ್ಕೆ ಹಣ ಕೊಡಬೇಕು ಎಂದು ಒಪ್ಪಂದದಲ್ಲಿದ್ದರೆ 7ರೊಳಗೇ ಇನ್‌ವಾಯ್ಸ್ ಆಗಿರಬೇಕು. 'ಎರಡನೇ ಹಂತ ಮುಗಿದಾಗ ಎರಡು ಲಕ್ಷ' ಎಂದಿದ್ದರೆ ಆ ಹಂತ ಮುಗಿದ ದಿನವೇ ಕೊನೆಯ ದಿನ. ಹಣ ಕೊಡಬೇಕಾದ ದಿನ ಒಪ್ಪಂದದಿಂದ ತಿಳಿಯದಿದ್ದರೆ ಮಾತ್ರ ಹಣ ಬಂದಾಗ ಕೊಟ್ಟರೆ ಸಾಕು. ಆರು ತಿಂಗಳ ಪ್ರಾಜೆಕ್ಟ್ ಹಿಡಿದು, ಹಂತ ಮುಗಿದ ಮೇಲೂ ತಿಂಗಳ ಅವಕಾಶವಿದೆ ಎಂದುಕೊಂಡವರು ಮೊದಲ ದಿನದಿಂದಲೇ ತಡದಲ್ಲಿರುತ್ತಾರೆ. ಕೆಲಸ ಹಿಡಿಯುವ ಮೊದಲೇ ಇದು ಯಾವ ಬಗೆಯದು ಎಂದು ನೋಡಿಕೊಳ್ಳಬೇಕು.

ಇನ್‌ವಾಯ್ಸ್ ತಡ ಮಾಡುವವರೆಲ್ಲ ಸೋಮಾರಿಗಳಲ್ಲ ಎಂಬುದನ್ನೂ ಒಪ್ಪಬೇಕು. ಹಣ ಬರುವ ಮೊದಲೇ 90,000 ರೂಪಾಯಿ ಸ್ವಂತ ಜೇಬಿನಿಂದ ಕಟ್ಟುವುದು ಒಬ್ಬಂಟಿ ದುಡಿಯುವವರಿಗೆ ಸಣ್ಣ ಭಾರವಲ್ಲ. ಇನ್‌ವಾಯ್ಸ್ ಕೊಟ್ಟರೆ ತೆರಿಗೆ, ಕೊಡದಿದ್ದರೆ ಸದ್ಯಕ್ಕೆ ನೆಮ್ಮದಿ ಎನಿಸುವುದು ಸಹಜ. ಆದರೆ ಮೇಲಿನ ಲೆಕ್ಕ ನೋಡಿದರೆ ಆ ನೆಮ್ಮದಿ ಶೇ 18ರ ಸಾಲ. ಈ ಭಾರಕ್ಕೆ ನಿಜವಾದ ಉತ್ತರ ಇರುವುದು ಬೇರೊಂದು ಕಾಯ್ದೆಯಲ್ಲಿ.

2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಉದ್ಯಮ್ ನೋಂದಣಿ ಇರುವ ಅತಿ ಸಣ್ಣ ಮತ್ತು ಸಣ್ಣ ಉದ್ದಿಮೆಗಳಿಗೆ, ಲಿಖಿತ ಒಪ್ಪಂದ ಏನೇ ಇದ್ದರೂ, 45 ದಿನ ಮೀರದಂತೆ ಹಣ ಕೊಡಬೇಕು. ಒಬ್ಬರೇ ನಡೆಸುವ ಸೇವೆಯ ವ್ಯವಹಾರವೂ ಈ ನೋಂದಣಿ ಪಡೆಯಬಹುದು. ಆ 45 ದಿನ ಎಣಿಸುವುದು ಇನ್‌ವಾಯ್ಸ್‌ನಿಂದಲ್ಲ, ಸೇವೆ ಒಪ್ಪಿಕೊಂಡ ದಿನದಿಂದ. ಸೇವೆ ಕೊಟ್ಟು 15 ದಿನದೊಳಗೆ ಲಿಖಿತ ಆಕ್ಷೇಪ ಬರದಿದ್ದರೆ ಸೇವೆ ಕೊಟ್ಟ ದಿನವೇ ಒಪ್ಪಿದಂತೆ. ಅಂದರೆ ಪಿಒ ಕೊಡದೆ ಇನ್‌ವಾಯ್ಸ್ ತಡೆದರೂ ಕ್ಲೈಂಟ್‌ನ ಗಡುವು ನಿಲ್ಲುವುದಿಲ್ಲ. ನಮ್ಮ ಉದಾಹರಣೆಯಲ್ಲಿ ಮಾರ್ಚ್ 20ರಿಂದ 45 ದಿನ ಎಂದರೆ ಮೇ 4. ಇನ್‌ವಾಯ್ಸ್ ಏಪ್ರಿಲ್ 15ಕ್ಕೆ ಆಗಿದ್ದರೆ ತೆರಿಗೆ ಕಟ್ಟಬೇಕಿದ್ದದ್ದು ಮೇ 20ಕ್ಕೆ. ಎರಡೂ ಕಡೆಯವರು ಕಾನೂನಿನಂತೆ ನಡೆದರೆ ಹಣ ಮೊದಲು ಬರುತ್ತದೆ, ತೆರಿಗೆ ಆಮೇಲೆ ಹೋಗುತ್ತದೆ. ತಡ ಮಾಡಿದ ಕಂಪನಿ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ ಕೊಡಬೇಕು, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ.

ಕ್ಲೈಂಟ್ ಜೊತೆ ಜಗಳಕ್ಕೆ ಇಳಿಯಿರಿ ಎನ್ನುತ್ತಿಲ್ಲ. ಮುಂದಿನ ಕೆಲಸವೂ ಅವರಿಂದಲೇ ಬರಬೇಕು ಎಂಬುದು ಗೊತ್ತು. ಆದರೆ ಅವರ ಫೈನಾನ್ಸ್ ವಿಭಾಗಕ್ಕೆ ಹೇಳಬಹುದಾದ ಅವರದೇ ಲಾಭದ ಮಾತೊಂದಿದೆ. ನಮ್ಮ ಇನ್‌ವಾಯ್ಸ್ ಕೈಗೆ ಬಂದು, ನಾವು ಅದನ್ನು ಜಿಎಸ್‌ಟಿಆರ್-1ರಲ್ಲಿ ತೋರಿಸಿ, ಅದು ಅವರ ಜಿಎಸ್‌ಟಿಆರ್-2ಬಿಯಲ್ಲಿ ಕಾಣಿಸುವವರೆಗೆ ಅವರಿಗೆ 90,000ದ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ. ಏಪ್ರಿಲ್‌ನ ಇನ್‌ವಾಯ್ಸ್ ಆಗಿದ್ದರೆ ಮೇ ಮಧ್ಯದಲ್ಲಿ ಕಾಣಿಸುತ್ತಿತ್ತು. ಜುಲೈನದ್ದು ಕಾಣಿಸುವುದು ಆಗಸ್ಟ್ ಮಧ್ಯದಲ್ಲಿ. ಪಿಒ ತಡ ಮಾಡಿ ಅವರು ತಮ್ಮದೇ ಕ್ರೆಡಿಟನ್ನು ಮೂರು ತಿಂಗಳು ತಡೆದುಕೊಂಡರು. ಈ ಮಾತನ್ನು ಮ್ಯಾನೇಜರ್‌ಗಿಂತ ಅವರ ಲೆಕ್ಕಪತ್ರದವರು ಬೇಗ ಅರ್ಥ ಮಾಡಿಕೊಳ್ಳುತ್ತಾರೆ.

ನನ್ನ ಅಭಿಪ್ರಾಯದಲ್ಲಿ ಇದರ ಪರಿಹಾರ ಒಂದು ದಿನಾಂಕವನ್ನು ಕಣ್ಣಿಗೆ ಕಾಣುವಂತೆ ಮಾಡುವುದರಲ್ಲಿದೆ. 46ನೇ ನಿಯಮದ ಪಟ್ಟಿಗೆ 'ಸೇವೆ ಮುಗಿದ ದಿನಾಂಕ' ಎಂಬ ಒಂದು ಸಾಲು ಸೇರಬೇಕು. ಇನ್ನೊಂದು ಕಾಲಂ, ಇನ್ನೊಂದು ಕಿರಿಕಿರಿ ಎಂದು ಆಕ್ಷೇಪಿಸುವವರಿರಬಹುದು. ತೆರಿಗೆ ಯಾವ ತಿಂಗಳದ್ದು ಎಂದು ನಿರ್ಧರಿಸಬಲ್ಲ ದಿನಾಂಕವನ್ನೇ ಬರೆಯದ ದಾಖಲೆಯಿಂದ ಆಗುವ ಕಿರಿಕಿರಿ ಅದಕ್ಕಿಂತ ದೊಡ್ಡದು. ಜಾಗವಿದ್ದರೆ ಸಾಫ್ಟ್‌ವೇರ್ ಇಪ್ಪತ್ತೈದನೇ ದಿನಕ್ಕೇ ಎಚ್ಚರಿಸಬಹುದು. ಕ್ಲೈಂಟ್‌ನ ಪೋರ್ಟಲ್‌ ಕೂಡ ಪಿಒಗಾಗಿ ಇನ್‌ವಾಯ್ಸ್ ಎಷ್ಟು ದಿನ ನಿಂತಿದೆ ಎಂದು ತೋರಿಸಬಹುದು. ಇದನ್ನು ಮಾಡಲು ಸಾಫ್ಟ್‌ವೇರ್ ಬರೆಯುವ ನಾವು ಸರ್ಕಾರದ ಆದೇಶಕ್ಕೆ ಕಾಯಬೇಕಿಲ್ಲ.

ಅಲ್ಲಿಯವರೆಗೆ ಕೆಲಸ ಒಪ್ಪಿಕೊಳ್ಳುವಾಗಲೇ ಒಪ್ಪಂದದಲ್ಲಿ ಎರಡು ವಾಕ್ಯ ಬರೆಸಿಕೊಳ್ಳಿ. ಮೊದಲನೆಯದು: 'ಕೆಲಸ ಒಪ್ಪಿಸಿದ ಹತ್ತು ದಿನದೊಳಗೆ ಕ್ಲೈಂಟ್ ಪರೀಕ್ಷೆ ಮುಗಿಸಿ ಲಿಖಿತ ಆಕ್ಷೇಪ ತಿಳಿಸದಿದ್ದರೆ ಹತ್ತನೇ ದಿನ ಸೇವೆ ಪೂರ್ಣಗೊಂಡಂತೆ.' ಎರಡನೆಯದು: 'ಪಿಒ ಬಂದಿರಲಿ ಇಲ್ಲದಿರಲಿ, ಸೇವೆ ಪೂರ್ಣಗೊಂಡ 30 ದಿನದೊಳಗೆ ಇನ್‌ವಾಯ್ಸ್ ಕೊಡಲಾಗುವುದು.' ಮೊದಲ ವಾಕ್ಯ ದಿನಾಂಕವನ್ನು ಗಟ್ಟಿ ಮಾಡುತ್ತದೆ, ಎರಡನೆಯದು ಫೈನಾನ್ಸ್ ವಿಭಾಗದ 'ಈಗಲೇ ಬೇಡ'ಕ್ಕೆ ಮೊದಲೇ ಕೊಟ್ಟ ಉತ್ತರ. ಕೆಲಸ ಮುಗಿದ ದಿನ ಕ್ಲೈಂಟ್‌ಗೆ ಒಂದು ಸಣ್ಣ ಮೇಲ್ ಹಾಕಿ: ಇಂಥ ಕೆಲಸ ಇಂಥ ದಿನ ಪೂರ್ಣವಾಯಿತು, ಇಂಥ ದಿನದೊಳಗೆ ಇನ್‌ವಾಯ್ಸ್ ಬರುತ್ತದೆ ಎಂದು. ಇನ್‌ವಾಯ್ಸ್‌ನಲ್ಲಿ ಸೇವೆಯ ವಿವರ ಬರೆಯುವ ಸಾಲಿನಲ್ಲೇ ಮುಗಿದ ದಿನಾಂಕವನ್ನೂ ಸೇರಿಸಿ. ನಿಯಮ ಕೇಳುವುದಿಲ್ಲ, ಬೇಡ ಎನ್ನುವುದೂ ಇಲ್ಲ. ಮಾರ್ಚ್‌ನಲ್ಲಿ ಮುಗಿಸಿ ಇನ್ನೂ ಕಳಿಸದ ಇನ್‌ವಾಯ್ಸ್ ಯಾವುದಾದರೂ ನಿಮ್ಮ ಫೋಲ್ಡರಿನಲ್ಲಿ ಇದ್ದರೆ, ಪಿಒ ಎಲ್ಲಿಗೆ ಬಂತು ಎಂದು ವಿಚಾರಿಸುವ ಮೊದಲು ಅದನ್ನು ಕಳಿಸಿಬಿಡಿ.